ಕಲ್ಲಾದ ಜೀವಿಯೋ, ಎರಕದ ಪಡಿಯಚ್ಚೋ? – ಛಾಯಾಚಿತ್ರದಲ್ಲಿ ಪಳೆಯುಳಿಕೆಯ ಪರೀಕ್ಷೆ

ನೆಲದೊಳಗಿನಿಂದ ದೊರೆಯುವ ಪಳೆಯುಳಿಕೆಗಳು, ಆಕಾಶದಿಂದ ಬಿದ್ದ ಉಲ್ಕಾಶಿಲೆಗಳು, ಅಪೂರ್ವ ಖನಿಜಗಳ ಹರಳುಗಳು – ಇವು ಮೂರೂ ಸಂಗ್ರಾಹಕರು ಹಣ ಕೊಟ್ಟು ಕೊಳ್ಳುವ ವಸ್ತುಗಳು. ಬೆಲೆಯಿರುವ ವಸ್ತುವಿಗೆ ನಕಲು ಹುಟ್ಟುವುದು ಲೋಕರೂಢಿ. ಹಿಂದಿನ ಕಾಲದಲ್ಲಿ ಕೊಳ್ಳುವವನು ವಸ್ತುವನ್ನು ಕೈಯಲ್ಲಿ ತೂಗಿ, ಭೂತಗನ್ನಡಿಯಲ್ಲಿ ನೋಡಿ, ಮನಸ್ಸಿಗೆ ಒಪ್ಪಿದರೆ ಕೊಳ್ಳುತ್ತಿದ್ದನು. ಈಗ ಈ ವ್ಯಾಪಾರದ ದೊಡ್ಡ ಪಾಲು ಅಂತರ್ಜಾಲದ ಮೂಲಕ ನಡೆಯುತ್ತದೆ. ಸಾವಿರಾರು ಮೈಲಿ ದೂರದ ಮಾರಾಟಗಾರನು ಕಳುಹಿಸುವ ನಾಲ್ಕಾರು ಛಾಯಾಚಿತ್ರಗಳ ಹೊರತು ಕೊಳ್ಳುವವನ ಮುಂದೆ ಬೇರೇನೂ ಇರುವುದಿಲ್ಲ. ಆದುದರಿಂದ ಚಿತ್ರದಲ್ಲಿ ಕಾಣುವ ಮೇಲ್ಮೈಯನ್ನು ಓದಿ, ನಿಸರ್ಗದ ಮಾದರಿಯನ್ನು ರಾಳದ ಎರಕದಿಂದ ಬೇರ್ಪಡಿಸುವುದು ಒಂದು ಅಗತ್ಯವಾದ ವಿದ್ಯೆಯಾಗಿದೆ. ಈ ವಿದ್ಯೆಯ ಮೂಲತತ್ತ್ವವನ್ನು ಒಂದೇ ಒಂದು ಜೀವಿಯ ನಿದರ್ಶನದಿಂದ ತಿಳಿಯುವುದು ಸುಲಭ. ಆ ಜೀವಿಯೇ ಟ್ರೈಲೊಬೈಟ್.

ಟ್ರೈಲೊಬೈಟ್ ಎಂಬುದು ಏಡಿ, ಚೇಳುಗಳಂತೆ ಸಂಧಿಪದಿಗಳ ಗುಂಪಿಗೆ ಸೇರಿದ ಸಮುದ್ರಜೀವಿ. ಸುಮಾರು 52 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡ ಈ ಕುಲವು ಸುಮಾರು 25 ಕೋಟಿ ವರ್ಷಗಳ ಹಿಂದೆ ನಿಶ್ಶೇಷವಾಗಿ ಅಳಿದುಹೋಯಿತು. ಉದ್ದುದ್ದವಾಗಿ ಮೂರು ಪಾಲಾಗಿ ಕಾಣುವ ಬೆನ್ನೇ ಇದರ ಹೆಸರಿಗೆ ಕಾರಣ. ಬೆನ್ನಿನ ಚಿಪ್ಪು ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದಿಂದಾದುದು. ಕಣ್ಣಿನ ಮಸೂರಗಳೂ ಅದೇ ಖನಿಜದವು. ಕರ್ನಾಟಕದ ಧಾರವಾಡ ಶಿಲೆಗಳು 250 ಕೋಟಿ ವರ್ಷಗಳಿಗಿಂತಲೂ ಹಳೆಯವು. ಟ್ರೈಲೊಬೈಟ್ ಹುಟ್ಟುವುದಕ್ಕೆ ಬಹಳ ಮೊದಲೇ ರೂಪುಗೊಂಡ ಆ ಕಲ್ಲುಗಳಲ್ಲಿ ಇದು ದೊರೆಯುವಂತಿಲ್ಲ. ಭಾರತದಲ್ಲಿ ಸ್ಪಿತಿ ಮತ್ತು ಕಾಶ್ಮೀರದ ಹಿಮಾಲಯಶಿಲೆಗಳಲ್ಲಿ ಇವುಗಳ ಅವಶೇಷಗಳುಂಟು. ಆದರೆ ಜಗತ್ತಿನ ಮಾರುಕಟ್ಟೆಗೆ ಹೇರಳವಾಗಿ ಬರುವುದು ಆಫ್ರಿಕಾ ಖಂಡದ ವಾಯವ್ಯದಲ್ಲಿರುವ ಮೊರಾಕೊ ದೇಶದಿಂದ. ಅಲ್ಲಿನ ಆಂಟಿ ಅಟ್ಲಾಸ್ ಪರ್ವತಪ್ರದೇಶದ ಅಲ್ನಿಫ್, ಎರ್ಫೂದ್ ಊರುಗಳು ಈ ಕಸುಬಿಗೆ ಹೆಸರಾದವು. ಸುಮಾರು 39 ಕೋಟಿ ವರ್ಷಗಳ ಹಿಂದಿನ ಸುಣ್ಣಕಲ್ಲಿನ ಪದರಗಳನ್ನು ಅಲ್ಲಿನ ಜನರು ಕೈಯಿಂದಲೇ ಅಗೆಯುತ್ತಾರೆ. ಅತ್ಯುತ್ಕೃಷ್ಟವಾದ ನಿಜ ಮಾದರಿಗಳು ಬರುವುದೂ ಅಲ್ಲಿಂದಲೇ. ನಕಲುಗಳು ಬರುವುದೂ ಬಹುಮಟ್ಟಿಗೆ ಅಲ್ಲಿಂದಲೇ.

ನಿಜ ಮಾದರಿಯ ಮೇಲ್ಮೈಯನ್ನು ಅರಿಯಬೇಕಾದರೆ ಅದು ಕಲ್ಲಿನಿಂದ ಹೊರಬರುವ ರೀತಿಯನ್ನು ಮೊದಲು ತಿಳಿಯಬೇಕು. ಅಗೆಯುವವನಿಗೆ ಕಲ್ಲಿನೊಳಗೆ ಜೀವಿ ಎಲ್ಲಿದೆಯೆಂಬುದು ತಿಳಿದಿರುವುದಿಲ್ಲ. ಅವನು ಸುತ್ತಿಗೆಯಿಂದ ಕಲ್ಲನ್ನು ಒಡೆಯುತ್ತಾನೆ. ಒಡೆದ ಮುಖದಲ್ಲಿ ಚಿಪ್ಪಿನ ಅಡ್ಡಕೊಯ್ತವು ತೆಳುವಾದ ಗೆರೆಯಂತೆ ಕಂಡರೆ ಒಳಗೊಂದು ಟ್ರೈಲೊಬೈಟ್ ಇದೆಯೆಂದು ಅರ್ಥ. ಎಂದರೆ, ಸುತ್ತಿಗೆಯ ಪೆಟ್ಟು ಜೀವಿಯನ್ನೂ ಎರಡಾಗಿಸಿದೆ. ಆ ಎರಡು ತುಂಡುಗಳನ್ನು ಅಂಟಿನಿಂದ ಮತ್ತೆ ಜೋಡಿಸಿ, ಅನಂತರ ಗಾಳಿಯ ಒತ್ತಡದಿಂದ ನಡೆಯುವ ಸಣ್ಣ ಉಳಿಯಿಂದಲೂ, ನುಣ್ಣನೆಯ ಪುಡಿಯನ್ನು ರಭಸದಿಂದ ಚಿಮ್ಮಿಸುವ ಸಾಧನದಿಂದಲೂ ಸುತ್ತಲಿನ ಕಲ್ಲನ್ನು ಕಣಕಣವಾಗಿ ಕೆರೆದು ತೆಗೆಯುತ್ತಾರೆ. ಒಂದು ಉತ್ತಮ ಮಾದರಿಗೆ ಅನೇಕ ದಿನಗಳ ದುಡಿಮೆ ಸಲ್ಲುತ್ತದೆ. ಹೀಗಾಗಿ ಜೋಡಿಸಿದ ಬಿರುಕು, ಚಿಪ್ಪಿನ ಅಂಚಿನಲ್ಲಿ ಉಪಕರಣದ ಗೀರು, ಅಲ್ಲಲ್ಲಿ ಚಿಪ್ಪಿನ ಸಿಪ್ಪೆ ಹಾರಿದ ಗುರುತು ಇವೆಲ್ಲವೂ ನಿಜ ಮಾದರಿಯಲ್ಲಿ ಸಹಜ. ಕಲೆಯಿಲ್ಲದ ಪರಿಪೂರ್ಣತೆಯೇ ಇಲ್ಲಿ ಮೊದಲ ಸಂಶಯಕ್ಕೆ ಎಡೆ ಕೊಡುತ್ತದೆ.

ಎರಕದ ನಕಲು ಹುಟ್ಟುವ ಬಗೆ ಬೇರೆ. ಮೊದಲು ಒಂದು ಒಳ್ಳೆಯ ನಿಜ ಮಾದರಿಯ ಮೇಲೆ ಸಿಲಿಕೋನ್ ರಬ್ಬರಿನ ದ್ರವವನ್ನು ಸುರಿಯುತ್ತಾರೆ. ಅದು ಗಟ್ಟಿಯಾದ ಮೇಲೆ ಬಿಡಿಸಿದರೆ ಮಾದರಿಯ ತಗ್ಗುಗಳೆಲ್ಲ ಉಬ್ಬಾಗಿ, ಉಬ್ಬುಗಳೆಲ್ಲ ತಗ್ಗಾಗಿ ಮೂಡಿದ ಅಚ್ಚು ದೊರೆಯುತ್ತದೆ. ಈ ಅಚ್ಚಿನೊಳಕ್ಕೆ ಕೃತಕ ರಾಳವನ್ನು, ಕೆಲವೊಮ್ಮೆ ಅದೇ ಊರಿನ ಕಲ್ಲಿನ ಪುಡಿಯನ್ನು ಬೆರೆಸಿ, ಎರೆಯುತ್ತಾರೆ. ಗಟ್ಟಿಯಾದ ಎರಕಕ್ಕೆ ಬಣ್ಣ ಬಳಿಯುತ್ತಾರೆ. ಅಗ್ಗದ ನಕಲಿನಲ್ಲಿ ಕಲ್ಲೂ ಜೀವಿಯೂ ಒಂದೇ ಎರಕವಾಗಿರುತ್ತವೆ. ಜಾಣತನದ ನಕಲಿನಲ್ಲಿ ಜೀವಿಯನ್ನು ಮಾತ್ರ ಎರೆದು, ನಿಜವಾದ ಸುಣ್ಣಕಲ್ಲಿನಲ್ಲಿ ತಗ್ಗು ಕೊರೆದು ಕೂರಿಸಿ, ಸಂದಿಯನ್ನು ಕಲ್ಲುಪುಡಿಯ ಮೆತ್ತಿನಿಂದ ಮುಚ್ಚುತ್ತಾರೆ. ಹೀಗೆ ಒಂದು ವಸ್ತು ಒಡೆದು ಕೆರೆದು ಹೊರಬಂದುದು, ಇನ್ನೊಂದು ದ್ರವವಾಗಿ ಹರಿದು ಗಟ್ಟಿಯಾದುದು. ಪರೀಕ್ಷೆಯ ಗುರುತುಗಳೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಮೊದಲನೆಯ ಗುರುತು ಗಾಳಿಯ ಗುಳ್ಳೆ. ರಾಳವನ್ನು ಕಲಕುವಾಗ ಅದರೊಳಗೆ ಗಾಳಿ ಸೇರುತ್ತದೆ. ಅಚ್ಚಿನ ಆಳವಾದ, ಇಕ್ಕಟ್ಟಾದ ಕುಳಿಗಳಿಂದ ಆ ಗಾಳಿ ಹೊರಬರಲಾರದೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಅಚ್ಚಿನ ಆಳವೆಂದರೆ ಎರಕದ ಎತ್ತರ. ಆದುದರಿಂದ ಗುಳ್ಳೆಯ ಕುಳಿಗಳನ್ನು ಮುಳ್ಳುಗಳ ತುದಿ, ತಲೆಯ ಉಬ್ಬು, ಕಣ್ಣಿನ ನೆತ್ತಿ, ಬೆನ್ನಿನ ಖಂಡಗಳ ಅಂಚು, ಇಂತಹ ಎಡೆಗಳಲ್ಲಿ ಹುಡುಕಬೇಕು. ಅವು ಸೂಜಿಯಿಂದ ಕೊರೆದಂತೆ ದುಂಡಾಗಿ, ಬಟ್ಟಲಿನಂತೆ ನುಣುಪಾದ ಒಳಮೈಯಿಂದ ಕೂಡಿರುತ್ತವೆ. ಸುಣ್ಣಕಲ್ಲಿನಲ್ಲಿಯೂ ಸಣ್ಣ ಕುಳಿಗಳುಂಟು. ಆದರೆ ಅವು ಕೋನಕೋನವಾಗಿ, ಒರಟಾಗಿ, ಒಂದರಂತೆ ಒಂದಿರದೆ ಇರುತ್ತವೆ. ಇದಕ್ಕೆ ವಿಪರೀತವಾದ ಗುರುತೂ ಒಂದುಂಟು. ಗುಳ್ಳೆಯು ರಾಳದಲ್ಲಿರದೆ ರಬ್ಬರಿನ ಅಚ್ಚಿನ ಮೈಯಲ್ಲಿ ಉಳಿದಿದ್ದರೆ ಆ ಕುಳಿಯೊಳಕ್ಕೆ ರಾಳ ತುಂಬಿ, ಎರಕದ ಮೇಲೆ ಸಾಸಿವೆಯಂತಹ ಪುಟ್ಟ ಮಣಿ ಮೂಡುತ್ತದೆ. ಕೆಲವು ಟ್ರೈಲೊಬೈಟ್‌ಗಳ ತಲೆಯ ಮೇಲೆ ಸಹಜವಾದ ಗುಬುಟುಗಳಿರುವುದರಿಂದ ಇಲ್ಲಿ ಭ್ರಮೆಯಾಗಬಹುದು. ಸಹಜ ಗುಬುಟುಗಳು ಚಿಪ್ಪಿಗೆ ಸೇರಿದವು. ಎಡಬಲಗಳಲ್ಲಿ ಸ್ಥೂಲವಾಗಿ ಒಂದೇ ಕ್ರಮವನ್ನು ಅನುಸರಿಸಿ, ಚಿಪ್ಪು ಮುಗಿದೆಡೆ ತಾವೂ ಮುಗಿಯುತ್ತವೆ. ಎರಕದ ಮಣಿಗೆ ಅಂತಹ ಮರ್ಯಾದೆಯಿಲ್ಲ. ಅದು ಚಿಪ್ಪಿನ ಮೇಲೂ ಪಕ್ಕದ ಕಲ್ಲಿನ ಮೇಲೂ ಮನಬಂದಂತೆ ಕುಳಿತಿರುತ್ತದೆ.

ಛಾಯಾಚಿತ್ರದಲ್ಲಿ ಕುಳಿಯನ್ನೂ ಮಣಿಯನ್ನೂ ಬೇರ್ಪಡಿಸುವುದು ತೋರುವಷ್ಟು ಸುಲಭವಲ್ಲ. ಬೆಳಕು ಯಾವ ಕಡೆಯಿಂದ ಬಂದಿದೆಯೆಂದು ತಪ್ಪಾಗಿ ಊಹಿಸಿದರೆ ಕಣ್ಣು ಕುಳಿಯನ್ನು ಉಬ್ಬಾಗಿಯೂ ಉಬ್ಬನ್ನು ಕುಳಿಯಾಗಿಯೂ ಕಾಣುತ್ತದೆ. ಪಳೆಯುಳಿಕೆಗಳ ವಿದ್ವಾಂಸರು ತಮ್ಮ ಚಿತ್ರಗಳಲ್ಲಿ ಬೆಳಕು ಮೇಲಿನ ಎಡಮೂಲೆಯಿಂದಲೇ ಬೀಳಬೇಕೆಂಬ ಸಂಪ್ರದಾಯವನ್ನು ಇಟ್ಟುಕೊಂಡಿರುವುದು ಈ ಕಾರಣದಿಂದ. ಮಾರಾಟಗಾರನ ಚಿತ್ರದಲ್ಲಿ ಆ ನಿಯಮ ಇರುವುದಿಲ್ಲ. ಆದುದರಿಂದ ಮೊದಲು, ಖಂಡಿತವಾಗಿ ಉಬ್ಬೆಂದು ತಿಳಿದಿರುವ ಒಂದು ಭಾಗವನ್ನು, ಉದಾಹರಣೆಗೆ ತಲೆಯ ನಡುವಿನ ಉಬ್ಬನ್ನು, ನೋಡಬೇಕು. ಅದರ ಎಡಪಕ್ಕ ಬೆಳಗಿ ಬಲಪಕ್ಕ ಕಪ್ಪಾಗಿದ್ದರೆ ಬೆಳಕು ಎಡದಿಂದ ಬಂದಿದೆ. ಆಗ ಎಡಪಕ್ಕ ಕಪ್ಪಾಗಿ ಬಲಪಕ್ಕ ಬೆಳಗುವ ಚುಕ್ಕೆ ಕುಳಿ. ಎಡಪಕ್ಕ ಬೆಳಗುವ ಚುಕ್ಕೆ ಮಣಿ.

ಎರಡನೆಯ ಗುರುತು ವಸ್ತುಭೇದ. ನಿಜ ಮಾದರಿಯಲ್ಲಿ ಚಿಪ್ಪು ಬೇರೆ, ಕಲ್ಲು ಬೇರೆ. ಚಿಪ್ಪಿಗೆ ತನ್ನದೇ ಆದ ದಪ್ಪವಿದೆ. ಒಡೆದ ಅಂಚಿನಲ್ಲಿ ಅದು ಪ್ರತ್ಯೇಕ ಪದರವಾಗಿ ಕಾಣುತ್ತದೆ. ಅದರ ಕಪ್ಪು ಅಥವಾ ಕಂದು ಬಣ್ಣ ಪದರದ ಆಳದವರೆಗೂ ಇಳಿದಿರುತ್ತದೆ. ಓರೆ ಬೆಳಕಿನಲ್ಲಿ ಕ್ಯಾಲ್ಸೈಟಿನ ಸಣ್ಣ ಮುಖಗಳು ಮಿನುಗುವುದೂ ಉಂಟು. ಎರಕದಲ್ಲಿ ಬಣ್ಣವೆಂಬುದು ಕೇವಲ ಮೇಲಿನ ಲೇಪ. ಕುಂಚದಿಂದ ಬಳಿದ ಬಣ್ಣವು ಗೆರೆಗಳ ತಗ್ಗಿನಲ್ಲಿ ಮಡುಗಟ್ಟಿ, ಏಣುಗಳ ಮೇಲೆ ತೆಳುವಾಗುತ್ತದೆ; ಚಿಪ್ಪಿನ ಎಲ್ಲೆ ದಾಟಿ ಕಲ್ಲಿನ ಮೇಲೂ ಹರಿದಿರುತ್ತದೆ. ಚಿಪ್ಪಿನ ಮೇಲೊಂದು ಚಕ್ಕೆ, ಕಲ್ಲಿನ ಮೇಲೊಂದು ಚಕ್ಕೆ ಹಾರಿದ್ದು, ಎರಡೂ ಕಡೆ ಒಳಗೆ ಒಂದೇ ಮಾಸಲು ಬಣ್ಣ ಕಂಡರೆ ಅದು ಒಂದೇ ಎರಕವೆಂಬುದರಲ್ಲಿ ಸಂದೇಹಕ್ಕೆ ಎಡೆ ಕಡಿಮೆ.

ಇಲ್ಲಿ ಕಣ್ಣಿನ ಮಾತು ಬರುತ್ತದೆ. ಫಾಕಾಪ್ಸ್ ಮತ್ತು ಅದರ ಬಳಗದ ಟ್ರೈಲೊಬೈಟ್‌ಗಳ ಕಣ್ಣಿನಲ್ಲಿ ಮಸೂರಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವಾಗಿ, ಒಂದಕ್ಕೊಂದು ಅಂಟದೆ, ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ನಿಂತಿರುತ್ತವೆ. ಮಸೂರಗಳು ಸ್ಪಷ್ಟವಾಗಿ ಕಂಡರೆ ಮಾದರಿ ನಿಜವೆಂಬ ನಂಬಿಕೆಯೊಂದು ಸಂಗ್ರಾಹಕರಲ್ಲಿ ಬಹುಕಾಲ ಬೇರೂರಿತ್ತು. ಕೈಯಿಂದ ಕೆತ್ತಿದ ನಕಲುಗಳ ವಿಷಯದಲ್ಲಿ ಅದು ಸರಿ. ಕೆತ್ತುವವನು ಮಸೂರಗಳನ್ನು ಸಾಲಿಲ್ಲದ ಚುಕ್ಕೆಗಳಾಗಿ ಇಡುತ್ತಾನೆ. ಈ ಬಳಗದ ಬೆನ್ನಿನಲ್ಲಿ ಹನ್ನೊಂದು ಖಂಡಗಳಿರಬೇಕೆಂಬ ಲೆಕ್ಕವನ್ನೂ ತಪ್ಪುತ್ತಾನೆ. ಆದರೆ ಸಿಲಿಕೋನ್ ಅಚ್ಚು ಎಣಿಕೆಯಲ್ಲಿ ತಪ್ಪುವುದಿಲ್ಲ. ಅದು ಮಸೂರದ ಸಾಲನ್ನೂ ಖಂಡಗಳ ಸಂಖ್ಯೆಯನ್ನೂ ಇದ್ದುದು ಇದ್ದಂತೆ ಒಯ್ಯುತ್ತದೆ. ಆದುದರಿಂದ ಮಸೂರ ಇದೆಯೇ ಎಂಬ ಪ್ರಶ್ನೆ ಸಾಲದು. ಮಸೂರವು ತನ್ನ ಸುತ್ತಲಿನ ವಸ್ತುವಿಗಿಂತ ಬೇರೆಯಾಗಿ ಕಾಣುತ್ತದೆಯೇ ಎಂದು ಕೇಳಬೇಕು. ನಿಜವಾದ ಕಣ್ಣಿನಲ್ಲಿ ಅನೇಕ ವೇಳೆ ಮಸೂರಗಳ ಹೊಳಪು ಅಥವಾ ಛಾಯೆ ನಡುವಿನ ಎಡೆಗಳಿಗಿಂತ ಭಿನ್ನವಾಗಿರುತ್ತದೆ. ಎರಕದ ಕಣ್ಣಿನಲ್ಲಿ ಆಕಾರ ಮಾತ್ರ ಇದ್ದು, ಮಸೂರವೂ ಎಡೆಯೂ ಒಂದೇ ಬಣ್ಣದ ಲೇಪದಡಿಯಲ್ಲಿ ಮಂಕಾಗಿರುತ್ತವೆ.

ಮೂರನೆಯದು ಬಿರುಕಿನ ಸಾಕ್ಷ್ಯ. ನಿಜ ಮಾದರಿಯಲ್ಲಿ ಸುತ್ತಿಗೆಯಿಂದಾದ ಬಿರುಕು ಕಲ್ಲನ್ನು ಸೀಳಿ, ಚಿಪ್ಪಿನ ಎಲ್ಲೆ ದಾಟಿ, ಜೀವಿಯ ಬೆನ್ನಿನ ಮೇಲೆ ಹಾದು, ಮತ್ತೊಂದು ಬದಿಯ ಕಲ್ಲಿನಲ್ಲಿ ಮುಂದುವರಿಯುತ್ತದೆ. ಕಲ್ಲಿನ ಪಕ್ಕವನ್ನು ನೋಡಿದರೆ ಅಲ್ಲಿಯೂ ಅದೇ ಬಿರುಕು ಕೆಳಕ್ಕಿಳಿದಿರುತ್ತದೆ. ಕಲ್ಲಿನಲ್ಲಿ ಕೂರಿಸಿದ ನಕಲಿನಲ್ಲಿ ಬಿರುಕು ಜೀವಿಯ ಅಂಚಿಗೆ ಬಂದು ತಟ್ಟನೆ ನಿಂತುಬಿಡುತ್ತದೆ. ಜೀವಿಯ ಸುತ್ತ ಬೇರೊಂದು ಬಣ್ಣದ, ಹೊಳಪಿಲ್ಲದ ಮೆತ್ತಿನ ಉಂಗುರ ಕಾಣುತ್ತದೆ. ಇಡಿಯಾಗಿ ಎರೆದ ನಕಲಿನಲ್ಲಿ ಮೂಲ ಮಾದರಿಯ ಬಿರುಕೂ ಅಚ್ಚಾಗಿ ಬಂದಿರುವುದರಿಂದ ಅದು ಬೆನ್ನಿನ ಮೇಲೆ ಸರಿಯಾಗಿಯೇ ಹಾದುಹೋಗುತ್ತದೆ. ಆದರೆ ಅದು ಬಿರುಕಲ್ಲ, ಬಿರುಕಿನ ಚಿತ್ರ. ದುಂಡು ತಳದ, ಆಳವಿಲ್ಲದ ತೋಡಿನಂತೆ ಕಂಡು, ಕಲ್ಲಿನ ಪಕ್ಕಕ್ಕೆ ಬಂದೊಡನೆ ಮಾಯವಾಗುತ್ತದೆ.

ಈ ಬಿರುಕಿನಿಂದಲೇ ಅತ್ಯಂತ ಬಲವಾದ ಪ್ರಮಾಣವೂ ದೊರೆಯುತ್ತದೆ. ಒಂದೇ ಜಾತಿಯ ಎರಡು ಜೀವಿಗಳು ಒಂದನ್ನೊಂದು ಹೋಲಬಹುದು. ಆದರೆ ಎರಡು ಕಲ್ಲುಗಳು ಒಂದೇ ಹಾದಿಯಲ್ಲಿ ಒಡೆಯುವುದಿಲ್ಲ, ಎರಡು ಚಿಪ್ಪುಗಳಲ್ಲಿ ಒಂದೇ ಖಂಡದ ಅದೇ ಮೂಲೆ ಮುರಿಯುವುದಿಲ್ಲ. ಬೇರೆ ಬೇರೆ ಮಾರಾಟಕ್ಕಿರುವ ಎರಡು ಚಿತ್ರಗಳಲ್ಲಿ ಬಿರುಕಿನ ತಿರುವು, ಮುರಿದ ಮುಳ್ಳು, ಉಳಿಯ ಗೀರು ಇವು ಮೂರೂ ಒಂದೇ ಎಡೆಯಲ್ಲಿದ್ದರೆ, ಮತ್ತು ಎರಡೂ ಒಂದೇ ವಸ್ತುವಿನ ಚಿತ್ರಗಳಲ್ಲವೆಂಬುದು ಖಚಿತವಾದರೆ, ಕನಿಷ್ಠ ಒಂದಾದರೂ ಎರಕವೆಂಬುದು ಸಿದ್ಧವಾದಂತೆ.

ಈ ಗುರುತುಗಳನ್ನು ಕ್ರಮವಾಗಿ ಬಳಸುವ ರೀತಿಯನ್ನು ಒಂದು ಕಲ್ಪಿತ ಪ್ರಸಂಗದಿಂದ ಸ್ಪಷ್ಟಪಡಿಸಬಹುದು. ಒಂದು ಶಾಲೆಯ ವಸ್ತುಸಂಗ್ರಹಕ್ಕಾಗಿ ಆರು ಸೆಂಟಿಮೀಟರ್ ಉದ್ದದ ಫಾಕಾಪ್ಸ್ ಬಳಗದ ಟ್ರೈಲೊಬೈಟ್ ಒಂದನ್ನು ಕೊಳ್ಳುವ ವಿಚಾರ ನಡೆದಿದೆ. ಅದು ಹತ್ತು ಸೆಂಟಿಮೀಟರ್ ಅಗಲದ ಕಲ್ಲಿನ ಮೇಲಿದೆ. ಮಾರಾಟಗಾರನಿಂದ ಎರಡು ಚಿತ್ರಗಳು ಬಂದಿವೆ ಎಂದಿಟ್ಟುಕೊಳ್ಳಬಹುದು. ಎರಡೂ ಎದುರಿನಿಂದ ತೆಗೆದವು. ಪ್ರತಿಯೊಂದು ಚಿತ್ರದ ಅಗಲ 1200 ಚಿತ್ರಬಿಂದುಗಳು.

ಮೊದಲು ಮಾಡಬೇಕಾದುದು ಒಂದು ಸಣ್ಣ ಲೆಕ್ಕ. ಹತ್ತು ಸೆಂಟಿಮೀಟರ್ ಎಂದರೆ 100 ಮಿಲಿಮೀಟರ್. ಅದಕ್ಕೆ 1200 ಬಿಂದುಗಳಾದರೆ ಮಿಲಿಮೀಟರಿಗೆ 12 ಬಿಂದುಗಳಾದವು. ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲಿನಷ್ಟು ಅಗಲದ ಗುಳ್ಳೆಯು ಈ ಚಿತ್ರದಲ್ಲಿ ಮೂರೂವರೆ ಬಿಂದುಗಳಷ್ಟು ಜಾಗವನ್ನು ಮಾತ್ರ ಹಿಡಿಯುತ್ತದೆ. ಅಷ್ಟರಲ್ಲಿ ಅದು ದುಂಡೋ ಕೋನವೋ ಹೇಳುವಂತಿಲ್ಲ. ಆದುದರಿಂದ ಈ ಚಿತ್ರಗಳಲ್ಲಿ ಗುಳ್ಳೆ ಕಾಣದಿದ್ದರೆ ಗುಳ್ಳೆಯಿಲ್ಲವೆಂದು ಅರ್ಥವಲ್ಲ. ಕಾಣುವಷ್ಟು ವಿವರ ಚಿತ್ರದಲ್ಲಿಲ್ಲವೆಂದು ಅರ್ಥ. ನೇರ ಎದುರಿನ ಮಿಂಚುದೀಪದ ಬೆಳಕು ಸಣ್ಣ ನೆರಳುಗಳನ್ನೆಲ್ಲ ಅಳಿಸಿರುವುದು ಮತ್ತೊಂದು ಅಡ್ಡಿ. ಇಂತಹ ಚಿತ್ರದಿಂದ ತೀರ್ಪು ನೀಡದೆ ಬೇರೆ ಚಿತ್ರಗಳನ್ನು ಕೇಳುವುದೇ ಸರಿಯಾದ ಕ್ರಮ. ಕೇಳಬೇಕಾದುವು ಮೂರು: ತಲೆಯ ಭಾಗವನ್ನು ಮಾತ್ರ ತೀರ ಹತ್ತಿರದಿಂದ, ಒಂದು ಪಕ್ಕದಿಂದ ತಗ್ಗಾಗಿ ಬೀಳುವ ಓರೆ ಬೆಳಕಿನಲ್ಲಿ ತೆಗೆದ ಚಿತ್ರ, ಕಲ್ಲಿನ ನಾಲ್ಕು ಪಕ್ಕಗಳ ಚಿತ್ರ, ಹಿಂಬದಿಯ ಚಿತ್ರ. ಪ್ರತಿಯೊಂದರಲ್ಲಿಯೂ ಅಳತೆಪಟ್ಟಿ ಇರಬೇಕು; ಮೈಗೆ ಎಣ್ಣೆಯಾಗಲಿ ನೀರಾಗಲಿ ಸವರಿರಬಾರದು, ಏಕೆಂದರೆ ಒದ್ದೆಯ ಹೊಳಪು ರಾಳವನ್ನೂ ಚಿಪ್ಪನ್ನೂ ಒಂದೇ ಬಗೆಯಾಗಿ ತೋರಿಸುತ್ತದೆ.

ಕೇಳಿದ ಚಿತ್ರಗಳು ಬರುತ್ತವೆ. ತಲೆಯ ಚಿತ್ರದಲ್ಲಿ ಎರಡು ಸೆಂಟಿಮೀಟರಿಗೆ 3000 ಬಿಂದುಗಳಿವೆ; ಎಂದರೆ ಮಿಲಿಮೀಟರಿಗೆ 150. ಅದೇ ಗುಳ್ಳೆಗೆ ಈಗ 45 ಬಿಂದುಗಳ ಅಗಲ ದೊರೆಯುತ್ತದೆ. ಅದರ ಆಕಾರ ಮುಚ್ಚಿಡಲಾಗದು. ತಲೆಯ ಉಬ್ಬಿನ ಬಲಪಕ್ಕ ಬೆಳಗಿರುವುದರಿಂದ ಬೆಳಕು ಬಲದಿಂದ ಬಂದಿದೆ. ತಲೆಯ ಉಬ್ಬಿನ ಮೇಲೂ ಕಣ್ಣಿನ ನೆತ್ತಿಯ ಮೇಲೂ ಬಲಪಕ್ಕ ಕಪ್ಪಾಗಿರುವ ಐದು ದುಂಡು ಚುಕ್ಕೆಗಳಿವೆ, ಅವು ಕುಳಿಗಳು. ಅಂತಹುದೇ ಎರಡು ಪಕ್ಕದ ಕಲ್ಲಿನ ಮೇಲೂ ಇವೆ. ಚಿಪ್ಪೂ ಕಲ್ಲೂ ಒಂದೇ ದ್ರವದಿಂದ ಆಗಿರದೆ ಎರಡರ ಮೇಲೂ ಒಂದೇ ಬಗೆಯ ಗುಳ್ಳೆ ಮೂಡುವುದು ಕಷ್ಟ. ಬೆನ್ನಿನ ನಾಲ್ಕನೆಯ ಖಂಡದ ಮೇಲೆ ಬಿರುಕೊಂದು ಹಾದಿದೆ. ಪಕ್ಕದ ಚಿತ್ರದಲ್ಲಿ ಅದರ ಸುಳಿವಿಲ್ಲ. ಹಿಂಬದಿಯು ಒಡೆದ ಕಲ್ಲಿನಂತೆ ಏರುತಗ್ಗಾಗಿರದೆ, ಸುರಿದ ದ್ರವ ನಿಂತಂತೆ ಸಮತಲವಾಗಿದೆ. ಈ ಮೂರು ಗುರುತುಗಳೂ ಬೇರೆ ಬೇರೆ ಕಾರಣಗಳಿಂದ ಹುಟ್ಟಿದವು. ಮೂರೂ ಒಂದೇ ಕಡೆಗೆ ಬೆರಳು ತೋರುತ್ತಿವೆ. ಇದು ಇಡಿಯಾಗಿ ಎರೆದ ಪಡಿಯಚ್ಚೆಂದು ನಿರ್ಣಯಿಸಬಹುದು.

ಇದಕ್ಕೆ ಬದಲಾಗಿ ಒಂದು ಮುಳ್ಳಿನ ತುದಿಯಲ್ಲಿ ಮಾತ್ರ ಗುಳ್ಳೆಗಳಿದ್ದು, ಉಳಿದ ಚಿಪ್ಪಿಗೆ ಪದರವೂ ದಪ್ಪವೂ ಇದ್ದು, ಬಿರುಕು ಪಕ್ಕದವರೆಗೂ ಇಳಿದಿದ್ದರೆ ನಿರ್ಣಯವೇ ಬೇರೆಯಾಗುತ್ತಿತ್ತು. ಆಗ ಅದು ನಕಲಲ್ಲ, ಮುರಿದ ಒಂದು ಭಾಗವನ್ನು ರಾಳದಿಂದ ತುಂಬಿ ದುರಸ್ತಿ ಮಾಡಿದ ನಿಜ ಮಾದರಿ. ದುರಸ್ತಿಯು ವಂಚನೆಯಲ್ಲ, ಅದನ್ನು ಹೇಳದಿರುವುದು ವಂಚನೆ. ಒಂದೇ ಗುಳ್ಳೆಯನ್ನು ಕಂಡು ಇಡೀ ಮಾದರಿಯನ್ನು ತಿರಸ್ಕರಿಸಿದರೆ, ದಿನಗಟ್ಟಲೆ ಕಲ್ಲು ಕೆರೆದವನ ದುಡಿಮೆಗೆ ಅನ್ಯಾಯವಾಗುತ್ತದೆ.

ಈ ಪರೀಕ್ಷೆಗೆ ಮಿತಿಗಳೂ ಇವೆ. ನಿರ್ವಾತದಲ್ಲಿಟ್ಟು ಎರೆದ ರಾಳದಲ್ಲಿ ಗುಳ್ಳೆಗಳು ಬಹುಮಟ್ಟಿಗೆ ಉಳಿಯುವುದಿಲ್ಲ. ಆದುದರಿಂದ ಗುಳ್ಳೆಯ ಇರವು ನಕಲಿಗೆ ಸಾಕ್ಷಿಯಾದರೂ ಗುಳ್ಳೆಯ ಅಭಾವ ನಿಜಕ್ಕೆ ಸಾಕ್ಷಿಯಾಗದು. ಛಾಯಾಚಿತ್ರವು ಎರಕವನ್ನು ಬಯಲು ಮಾಡಬಲ್ಲುದು. ಮಾದರಿ ನಿಜವೆಂದು ಕಡೆಯ ಮಾತು ಹೇಳಲಾರದು. ಆ ಮಾತಿಗೆ ವಸ್ತುವೇ ಕೈಗೆ ಬರಬೇಕು. ಆಗ ಶಾಲೆಯ ಪ್ರಯೋಗಶಾಲೆಯಲ್ಲಿಯೇ ಅದನ್ನು ತೂಗಿ, ನೀರಿನಲ್ಲಿ ಮುಳುಗಿಸಿ ಸಾಂದ್ರತೆಯನ್ನು ಅಳೆಯಬಹುದು. ಸುಣ್ಣಕಲ್ಲಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ, ಬರಿಯ ರಾಳದ್ದು ಸುಮಾರು 1.2, ಕಲ್ಲುಪುಡಿ ಬೆರೆತ ರಾಳದ್ದು ಇವೆರಡರ ನಡುವೆ. 200 ಮಿಲಿಲೀಟರ್ ನೀರನ್ನು ಸರಿಸುವ ಮಾದರಿ 540 ಗ್ರಾಂ ತೂಗಿದರೆ ಅದು ಕಲ್ಲಿಗೆ ಸಲ್ಲುತ್ತದೆ. 340 ಗ್ರಾಂ ಮಾತ್ರ ತೂಗಿದರೆ ಸಲ್ಲದು. ನಿಜವಾದ ಕಲ್ಲಿನಲ್ಲಿ ರಾಳದ ಜೀವಿಯನ್ನು ಕೂರಿಸಿದ್ದರೆ ಈ ತೂಕವೂ ಮೋಸಗೊಳಿಸುತ್ತದೆ. ಆಗ ಕಾಣದ ಎಡೆಯಲ್ಲಿ ಜೀವಿಯ ಮೈಗೆ ಕಾದ ಸೂಜಿಯ ಮೊನೆಯನ್ನು ತಾಕಿಸಿ ನೋಡಬೇಕು. ರಾಳವಾದರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆ. ಆಮ್ಲದ ಹನಿ ಹಾಕಿ ನೊರೆ ಬರುವುದೇ ಎಂದು ನೋಡುವ ಹಳೆಯ ಪರೀಕ್ಷೆಯನ್ನು ಇಲ್ಲಿ ನೆಚ್ಚುವಂತಿಲ್ಲ. ರಾಳದಲ್ಲಿ ಬೆರೆತ ಸುಣ್ಣಕಲ್ಲಿನ ಪುಡಿಯೂ ನೊರೆಗಟ್ಟುತ್ತದೆ, ನಿಜ ಚಿಪ್ಪಿಗಾದರೋ ಆಮ್ಲದಿಂದ ಹಾನಿಯೇ ಉಂಟಾಗುತ್ತದೆ.

ಎರಕದ ಪಡಿಯಚ್ಚು ತನ್ನಷ್ಟಕ್ಕೆ ದೋಷವುಳ್ಳ ವಸ್ತುವಲ್ಲ. ಒಂದೇ ಒಂದು ದೊರೆತಿರುವ ಅಮೂಲ್ಯ ಪಳೆಯುಳಿಕೆಯನ್ನು ಅನೇಕ ವಿದ್ವಾಂಸರು ಅಭ್ಯಾಸ ಮಾಡಲು ದೊಡ್ಡ ವಸ್ತುಸಂಗ್ರಹಾಲಯಗಳು ಪಡಿಯಚ್ಚುಗಳನ್ನೇ ಮಾಡಿಸಿ ಕಳುಹಿಸುತ್ತವೆ. ಟ್ರೈಲೊಬೈಟ್‌ನ ಮೂರು ಪಾಲು, ಹನ್ನೊಂದು ಖಂಡ, ಮಸೂರದ ಸಾಲು ಇವುಗಳನ್ನು ವಿದ್ಯಾರ್ಥಿಗೆ ತೋರಿಸಲು ಒಳ್ಳೆಯ ಪಡಿಯಚ್ಚು ಸಾಕು. ಆದರೆ ಆ ಚಿಪ್ಪು ಯಾವ ಖನಿಜದ್ದು, ಅದನ್ನು ಹೊತ್ತ ಕಲ್ಲು ಯಾವ ಸಮುದ್ರತಳದ ಕೆಸರು ಎಂಬ ಪ್ರಶ್ನೆಗಳಿಗೆ ಅದು ಉತ್ತರ ಕೊಡಲಾರದು; ಅದರಲ್ಲಿರುವುದು ಆಕಾರ ಮಾತ್ರ. ಕಪಾಟಿನಲ್ಲಿ ಅದರ ಕೆಳಗಿಡುವ ಚೀಟಿಯಲ್ಲಿ ‘39 ಕೋಟಿ ವರ್ಷಗಳ ಹಿಂದಿನ ಟ್ರೈಲೊಬೈಟ್’ ಎಂದು ಬರೆಯದೆ ‘ಟ್ರೈಲೊಬೈಟ್‌ನ ಪಡಿಯಚ್ಚು’ ಎಂದು ಬರೆದರೆ, ಕೊಂಡ ಹಣ ಹೋದರೂ ನೋಡುವ ಮಗುವಿಗೆ ತಪ್ಪು ಪಾಠ ಹೋಗುವುದಿಲ್ಲ.